ಲ್ಯಾಬ್ ಬೀರುವಿನ ಫೋಟೋ ಹಾಕಿದ್ದೇನೆ: ಇದರಲ್ಲಿ ಬ್ಯೂರೆಟ್ ಯಾವುದು, ಪಿಪೆಟ್ ಯಾವುದು, ಎರಡನೇ ಕಂಡೆನ್ಸರ್ ಎಲ್ಲಿ?

ಸುಮಾ_ಟೀಚರ್

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತೇನೆ. ನಮ್ಮ ವಿಜ್ಞಾನ ಮೇಷ್ಟ್ರಿಗೆ ವರ್ಗವಾಯಿತು. ಹೊಸಬರು ಬರುವವರೆಗೆ ಲ್ಯಾಬ್ ಚಾರ್ಜ್ ನನಗೆ ಕೊಟ್ಟಿದ್ದಾರೆ. ಸೋಮವಾರದೊಳಗೆ ಬೀರುವಿನಲ್ಲಿ ಇರುವುದನ್ನು ಸ್ಟಾಕ್ ಬುಕ್ ಜೊತೆ ತಾಳೆ ನೋಡಿ ಸಹಿ ಹಾಕಬೇಕು.

ಸ್ಟಾಕ್ ಬುಕ್ಕಿನಲ್ಲಿ ಹೀಗಿದೆ: ಬ್ಯೂರೆಟ್ 4, ಪಿಪೆಟ್ 6, ಕಂಡೆನ್ಸರ್ 2, ಕೋನಿಕಲ್ ಫ್ಲಾಸ್ಕ್ 8, ಡಿಸ್ಟಿಲೇಷನ್ ಫ್ಲಾಸ್ಕ್ 2. ಬೀಕರ್, ಪ್ರನಾಳ, ಅಳತೆ ಜಾಡಿ ಇವೆಲ್ಲ ನನಗೂ ಗೊತ್ತು, ಅವು ಸರಿ ಇವೆ.

ಗೊಂದಲ ಇರುವುದು ಫೋಟೋದ ಎರಡನೇ ಮತ್ತು ಮೂರನೇ ಅಡ್ಡಹಲಗೆಯಲ್ಲಿ. ಕೆಳಗೆ ನಲ್ಲಿ ಇರುವ ಉದ್ದ ಕೊಳವೆ ಮೂರು ಇವೆ. ಅವು ಬ್ಯೂರೆಟ್ ಅಂದುಕೊಂಡಿದ್ದೇನೆ. ಮಧ್ಯದಲ್ಲಿ ಹೊಟ್ಟೆ ಉಬ್ಬಿದ ಕೊಳವೆ ಐದು. ಅವು ಪಿಪೆಟ್ ಅಲ್ವಾ? ಆಮೇಲೆ ನಲ್ಲಿ ಇಲ್ಲದ, ಉಬ್ಬೂ ಇಲ್ಲದ, ಮೈತುಂಬ ಗೆರೆ ಇರುವ ಕೊಳವೆ ಎರಡು ಇವೆ. ಒಂದರ ತುದಿಗೆ ಗಟ್ಟಿಯಾದ ರಬ್ಬರ್ ತುಂಡು ಅಂಟಿಕೊಂಡಿದೆ. ಈ ಎರಡು ಏನು?

ಕಂಡೆನ್ಸರ್ ಒಂದೇ ಸಿಕ್ಕಿದೆ. ಅದರ ಪಕ್ಕ ದಪ್ಪ ಕೊಳವೆಯೊಂದಿದೆ. ಎರಡು ಕಡೆ ಸಣ್ಣ ಮೂತಿ ಇದೆ, ಒಳಗೆ ಖಾಲಿ. ಮೂರನೇ ಹಲಗೆಯಲ್ಲಿ ತ್ರಿಕೋನದ ಫ್ಲಾಸ್ಕ್ ಏಳು ಇವೆ. ಎಂಟನೆಯದೂ ಹಾಗೇ ಇದೆ, ಆದರೆ ಅದರ ಕತ್ತಿನ ಪಕ್ಕದಲ್ಲಿ ಒಂದು ಮೂತಿ ಇದೆ. ಗುಂಡಗಿದ್ದು ಪಕ್ಕಕ್ಕೆ ಉದ್ದ ಕೊಳವೆ ಚಾಚಿದ್ದು ಒಂದು. ದಯವಿಟ್ಟು ನೋಡಿ ಹೇಳಿ.

ಗಿರೀಶ್_ಬಿಎಸ್ಸಿ

ಮೇಡಂ, ಇದು ಸುಲಭ. ಸೊನ್ನೆ ಎಲ್ಲಿದೆ ನೋಡಿ. ಸೊನ್ನೆ ಮೇಲೆ ಇದ್ದರೆ ಬ್ಯೂರೆಟ್. ಕೆಳಗೆ ಇದ್ದರೆ ಅಳತೆ ಜಾಡಿ. ನಿಮ್ಮ ಎರಡೂ ಕೊಳವೆಗಳಲ್ಲಿ ಸೊನ್ನೆ ಮೇಲೇ ಕಾಣುತ್ತಿದೆ. ಹಾಗಾಗಿ ಎರಡೂ ಬ್ಯೂರೆಟ್, ನಲ್ಲಿ ಮುರಿದಿದೆ ಅಷ್ಟೆ.

ಸುಮಾ_ಟೀಚರ್

ಹಾಗಾದರೆ ಬ್ಯೂರೆಟ್ 5 ಆಗುತ್ತದೆ, ಪುಸ್ತಕದಲ್ಲಿ 4 ಇದೆ. ಪಿಪೆಟ್ 5 ಆಗುತ್ತದೆ, ಪುಸ್ತಕದಲ್ಲಿ 6 ಇದೆ. ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಕಡಿಮೆ.

ಹಳೇ_ಲ್ಯಾಬ್_ಮನುಷ್ಯ

ಗಿರೀಶ್ ಹೇಳಿದ್ದು ಅರ್ಧ ಸರಿ. ಬ್ಯೂರೆಟ್ಟಿನಲ್ಲಿ ಸೊನ್ನೆ ಮೇಲೆ ಇರುವುದು ನಿಜ. ಆದರೆ ಗೆರೆ ಪಿಪೆಟ್ಟಿನಲ್ಲೂ ಸಾಮಾನ್ಯವಾಗಿ ಸೊನ್ನೆ ಮೇಲೇ ಇರುತ್ತದೆ. ಎರಡರಲ್ಲೂ ನಾವು ಓದುವುದು ಕೆಳಗೆ ಬಿಟ್ಟ ದ್ರವವನ್ನು, ಒಳಗೆ ಉಳಿದದ್ದನ್ನು ಅಲ್ಲ. ಅದಕ್ಕೇ ಹಾಗೆ. ಸೊನ್ನೆ ನೋಡಿದರೆ ಅಳತೆ ಜಾಡಿ ಅಲ್ಲ ಅಂತ ಗೊತ್ತಾಗುತ್ತದೆ, ಅಷ್ಟೇ.

ಪಿಪೆಟ್ ಅಂದರೆ ಹೊಟ್ಟೆ ಉಬ್ಬಿದ್ದೇ ಆಗಬೇಕು ಅಂತಿಲ್ಲ ಮೇಡಂ. ಉಬ್ಬಿದ್ದರಲ್ಲಿ ಮೇಲಿನ ಕಾಂಡದ ಮೇಲೆ ಒಂದೇ ಗೆರೆ. ಅದು ಒಂದೇ ಅಳತೆ ಕೊಡುತ್ತದೆ, 10 ಅಂದರೆ 10, 20 ಅಂದರೆ 20. ನೆಟ್ಟಗಿರುವ ಇನ್ನೊಂದು ಜಾತಿಯಲ್ಲಿ ಮೈತುಂಬ ಗೆರೆ ಇರುತ್ತವೆ. ಅದರಲ್ಲಿ 3 ಬೇಕಾದರೆ 3, 7 ಬೇಕಾದರೆ 7 ಬಿಡಬಹುದು. ನಿಮ್ಮ ಎರಡರಲ್ಲಿ ಒಂದು ಆ ಜಾತಿಯದು ಅಂತ ನನ್ನ ಅನುಮಾನ.

ರಬ್ಬರ್ ಅಂಟಿಕೊಂಡಿರುವುದನ್ನು ಕೈಯಲ್ಲಿ ಹಿಡಿದು ರಬ್ಬರನ್ನು ಮೆಲ್ಲಗೆ ಒತ್ತಿ ನೋಡಿ. ಒಳಗೆ ಗೋಲಿ ತರಹ ಏನಾದರೂ ಸಿಗುತ್ತದಾ?

ಗೋಪಾಲ_ಎಸ್

ಬೀರು ಸ್ಟೀಲ್‌ದಾ, ಮರದ್ದಾ ಮೇಡಂ? ಎಷ್ಟಕ್ಕೆ ಕೊಡುತ್ತೀರಿ? ನಮ್ಮ ಟ್ಯೂಷನ್ ಸೆಂಟರ್‌ಗೆ ಗಾಜಿನ ಬಾಗಿಲಿನದು ಒಂದು ಬೇಕಿತ್ತು.

ಸುಮಾ_ಟೀಚರ್

ಗೋಪಾಲ ಸರ್, ಇದು ಮಾರಾಟಕ್ಕಲ್ಲ. ಶಾಲೆಯ ಬೀರು. ಒಳಗಿನ ಸಾಮಾನಿನ ಹೆಸರು ಕೇಳಿದ್ದೇನೆ.

ಲ್ಯಾಬ್ ಸರ್, ಒತ್ತಿ ನೋಡಿದೆ. ನಿಜ! ರಬ್ಬರ್ ಒಳಗೆ ಸಣ್ಣ ಗುಂಡು ಇದೆ. ರಬ್ಬರ್ ಸಿಡಿದು ಪುಡಿ ಉದುರುತ್ತಿದೆ. ಅದು ಏನು?

ಹಳೇ_ಲ್ಯಾಬ್_ಮನುಷ್ಯ

ಹಾಗಾದರೆ ಅದು ಬ್ಯೂರೆಟ್, ಅನುಮಾನವೇ ಬೇಡ. ಆ ಗಾಜಿನ ಗುಂಡೇ ಅದರ ನಲ್ಲಿ. ರಬ್ಬರ್ ಕೊಳವೆಯೊಳಗೆ ಗುಂಡು ಬಿಗಿಯಾಗಿ ಕೂತು ದ್ರವವನ್ನು ತಡೆಯುತ್ತದೆ. ಗುಂಡಿನ ಪಕ್ಕದಲ್ಲಿ ರಬ್ಬರನ್ನು ಹೆಬ್ಬೆರಳು ತೋರುಬೆರಳಿನಲ್ಲಿ ಹಿಸುಕಿದರೆ ಸಂದಿ ಬಿಡುತ್ತದೆ, ಹನಿ ಬೀಳುತ್ತದೆ. ಕೆಲವರು ಗುಂಡಿನ ಬದಲು ಹೊರಗಿನಿಂದ ತಂತಿಯ ಕ್ಲಿಪ್ ಹಾಕುತ್ತಿದ್ದರು. ರಬ್ಬರಿನ ಕೆಳಗೆ ಚೂಪು ಮೂತಿಯ ಗಾಜಿನ ತುಂಡು ಇರಬೇಕಿತ್ತು. ಅದು ಉದುರಿ ಹೋಗಿದೆ. ಅದಕ್ಕೇ ನಿಮಗೆ ಪಿಪೆಟ್ ತರಹ ಕಂಡಿದೆ.

ಇಂಥದ್ದನ್ನು ಯಾಕೆ ಇಟ್ಟಿರುತ್ತಿದ್ದರು ಅಂದರೆ, ಕಾಸ್ಟಿಕ್ ಸೋಡಾಕ್ಕೆ. ಗಾಜಿನ ನಲ್ಲಿಯಲ್ಲಿ ಕಾಸ್ಟಿಕ್ ಸೋಡಾ ಬಿಟ್ಟು ಮನೆಗೆ ಹೋದರೆ ನಲ್ಲಿ ಕಚ್ಚಿಕೊಳ್ಳುತ್ತದೆ. ಅದು ಗಾಜನ್ನೇ ಸ್ವಲ್ಪ ಸ್ವಲ್ಪ ತಿನ್ನುತ್ತದೆ, ಎರಡು ಗಾಜೂ ಸೇರಿಕೊಂಡು ಬಿಡುತ್ತವೆ. ರಬ್ಬರಿನದಕ್ಕೆ ಆ ತೊಂದರೆ ಇಲ್ಲ. ಆದರೆ ಪರ್ಮಾಂಗನೇಟನ್ನೂ ಅಯೋಡಿನ್ನನ್ನೂ ರಬ್ಬರಿನದರಲ್ಲಿ ತುಂಬಬಾರದು, ಅವು ರಬ್ಬರನ್ನು ಹಾಳು ಮಾಡುತ್ತವೆ. ನಿಮ್ಮದರ ರಬ್ಬರ್ ಪುಡಿಯಾಗಿರುವುದು ವಯಸ್ಸಾಗಿ ಇರಬಹುದು, ಯಾರೋ ಪರ್ಮಾಂಗನೇಟ್ ಹಾಕಿಯೂ ಇರಬಹುದು. ಕಂದು ಕಲೆ ಇದೆಯಾ ನೋಡಿ.

ಸುಮಾ_ಟೀಚರ್

ಕಂದು ಕಲೆ ಕಾಣುವುದಿಲ್ಲ ಸರ್, ಸುಮ್ನೆ ಹಳತಾಗಿದೆ ಅನಿಸುತ್ತದೆ. ಹಾಗಾದರೆ ಬ್ಯೂರೆಟ್ 4 ಆಯಿತು. ಇನ್ನೊಂದು ಕೊಳವೆ ಪಿಪೆಟ್ ಅಂತ ಹೇಗೆ ಖಚಿತ ಮಾಡಿಕೊಳ್ಳುವುದು? ಅದೂ ರಬ್ಬರ್ ಬಿದ್ದುಹೋದ ಬ್ಯೂರೆಟ್ ಆಗಿದ್ದರೆ? ಮೇಲೆ ಬರೆದಿದ್ದ ಅಂಕಿ ಅರ್ಧ ಅಳಿಸಿಹೋಗಿದೆ.

ಗಿರೀಶ್_ಬಿಎಸ್ಸಿ

ಅದೇ ನಾನು ಹೇಳಿದ್ದು. ತುದಿ ಸಣ್ಣಗಿದೆ ಅಂತ ಪಿಪೆಟ್ ಅನ್ನೋಕೆ ಆಗಲ್ಲ. ರಬ್ಬರ್ ಸಿಕ್ಕಿಸುವ ಬ್ಯೂರೆಟ್ಟಿನ ತುದಿಯೂ ಸಣ್ಣಗೇ ಇರುತ್ತದೆ.

ವಾಣಿ_ಕ್ಯೂಸಿ

ಈ ಮಾತಿನಲ್ಲಿ ಗಿರೀಶ್ ಸರಿ. ತುದಿ ನೋಡಿ ಮೋಸ ಹೋಗಬಹುದು. ಆದರೆ ಇನ್ನೊಂದು ದಾರಿ ಇದೆ. ನಾನು ಔಷಧಿ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ, ದಿನಾ ಇವೇ ಕೈಯಲ್ಲಿ.

ಎರಡು ಅಂಕಿಗಳ ನಡುವಿನ ಅಂತರ ಎಷ್ಟು, ಕೊಳವೆಯ ದಪ್ಪ ಎಷ್ಟು ಅಂತ ಹೋಲಿಸಿ ನೋಡಿ ಮೇಡಂ. ನೀವು ಗಣಿತದವರು, ಲೆಕ್ಕ ತಕ್ಷಣ ಹಿಡಿಯುತ್ತದೆ. 50 ಮಿ.ಲೀ. ಬ್ಯೂರೆಟ್ಟಿನ ಒಳಗಿನ ಅಗಲ ಸುಮಾರು 11 ಮಿ.ಮೀ. ಹಾಗಾದರೆ ಒಳಗಿನ ವೃತ್ತದ ವಿಸ್ತೀರ್ಣ ಹೆಚ್ಚು ಕಡಿಮೆ 0.95 ಚದರ ಸೆಂ.ಮೀ. ಒಂದು ಮಿ.ಲೀ. ಅಂದರೆ ಒಂದು ಘನ ಸೆಂ.ಮೀ. ಅದು ಆ ಕೊಳವೆಯಲ್ಲಿ ಒಂದು ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ ಎತ್ತರ ನಿಲ್ಲುತ್ತದೆ. ಅಂದರೆ ಬ್ಯೂರೆಟ್ಟಿನಲ್ಲಿ ಒಂದು ಮಿ.ಲೀ.ಯ ಅಂತರವೂ ಕೊಳವೆಯ ದಪ್ಪವೂ ಹತ್ತಿರ ಹತ್ತಿರ ಒಂದೇ.

10 ಮಿ.ಲೀ. ಗೆರೆ ಪಿಪೆಟ್ ಸಣ್ಣ ಕೊಳವೆ. ಒಳಗಿನ ಅಗಲ 7 ಅಥವಾ 8 ಮಿ.ಮೀ. ಇರಬಹುದು. ಅದರಲ್ಲಿ ಒಂದು ಮಿ.ಲೀ. ಎರಡು ಸೆಂ.ಮೀ. ದಾಟುತ್ತದೆ. ಅಂತರ ದಪ್ಪದ ಎರಡರಷ್ಟಕ್ಕೂ ಮೇಲೆ ಹೋಗುತ್ತದೆ.

ಇದರ ಒಳ್ಳೆಯ ವಿಷಯ ಅಂದರೆ ಫೋಟೋದಲ್ಲೇ ಆಗುತ್ತದೆ. ದೂರದಿಂದ ತೆಗೆದರೂ ಹತ್ತಿರದಿಂದ ತೆಗೆದರೂ ಅಂತರ ಮತ್ತು ದಪ್ಪ ಎರಡೂ ಒಟ್ಟಿಗೆ ಸಣ್ಣದಾಗುತ್ತವೆ, ಹೋಲಿಕೆ ಕೆಡುವುದಿಲ್ಲ. ನಿಮ್ಮ ಫೋಟೋ ದೊಡ್ಡದು ಮಾಡಿ ನೋಡಿದೆ. ಎಡಗಡೆಯದರಲ್ಲಿ ಅಂತರ ದಪ್ಪದ ಎರಡು ಎರಡೂವರೆ ಪಟ್ಟು ಇದೆ ಅನಿಸಿತು. ಸ್ಕೇಲ್ ಇಟ್ಟು ಒಮ್ಮೆ ಅಳೆದು ಬಿಡಿ.

ಹಳೇ_ಲ್ಯಾಬ್_ಮನುಷ್ಯ

ಇದು ನನಗೆ ಹೊಳೆದಿರಲಿಲ್ಲ ವಾಣಿಯವರೇ. ನಾವು ಕಣ್ಣಂದಾಜಿನಲ್ಲೇ ಹೇಳುತ್ತಿದ್ದೆವು, ಯಾಕೆ ಅಂತ ಲೆಕ್ಕ ಹಾಕಿರಲಿಲ್ಲ.

ಒಂದು ಮಾತು ಸೇರಿಸುತ್ತೇನೆ. 10 ಮಿ.ಲೀ.ಯ ಸಣ್ಣ ಬ್ಯೂರೆಟ್ ಕೂಡ ಇರುತ್ತದೆ. ಅದರ ಕೊಳವೆಯೂ ಸಣ್ಣದು. ಅಲ್ಲಿ ಈ ಲೆಕ್ಕ ಕೈಕೊಡುತ್ತದೆ. ಹೈಸ್ಕೂಲಿನಲ್ಲಿ ಅದು ಸಿಗುವುದು ಅಪರೂಪ, ಆದರೂ ಮೇಲಿನ ತುದಿ ನೋಡಿಬಿಡಿ. ಪಿಪೆಟ್ಟಿನ ಮೇಲ್ತುದಿ ಬೆರಳಿಟ್ಟು ಮುಚ್ಚುವುದಕ್ಕೆ ಅಂತ ಕಿರಿದಾಗಿ ನುಣುಪಾಗಿ ಇರುತ್ತದೆ. ಬ್ಯೂರೆಟ್ಟಿಗೆ ಮೇಲಿನಿಂದ ಆಲಿಕೆ ಇಟ್ಟು ಸುರಿಯಬೇಕು, ಅದಕ್ಕೆ ಬಾಯಿ ಕೊಳವೆಯಷ್ಟೇ ಅಗಲ ಬಿಟ್ಟಿರುತ್ತಾರೆ.

ಸುಮಾ_ಟೀಚರ್

ಅಳೆದೆ! ರಬ್ಬರ್ ಇರುವುದರಲ್ಲಿ ಸೊನ್ನೆಯಿಂದ 10ರ ವರೆಗೆ 10 ಸೆಂ.ಮೀ. ಮೇಲೆ ಸ್ವಲ್ಪ. ಅಂದರೆ ಒಂದಕ್ಕೆ ಒಂದು ಸೆಂ.ಮೀ. ಚಿಲ್ಲರೆ. ಇನ್ನೊಂದರಲ್ಲಿ 1ರಿಂದ 2ಕ್ಕೆ 2.3 ಸೆಂ.ಮೀ. ಇದೆ. ಕೊಳವೆಯ ದಪ್ಪ ಹೊರಗಿನಿಂದ ಒಂದು ಸೆಂ.ಮೀ. ಕೂಡ ಇಲ್ಲ. ಮೇಲ್ತುದಿ ಕಿರಿದಾಗಿದೆ. ಬೆರಳಿಟ್ಟರೆ ಸರಿಯಾಗಿ ಮುಚ್ಚುತ್ತದೆ.

ಒಳಗಿನ ಅಗಲ 0.75 ಸೆಂ.ಮೀ. ಅಂದುಕೊಂಡು ಲೆಕ್ಕ ಹಾಕಿದರೆ ವಿಸ್ತೀರ್ಣ 0.44 ಬರುತ್ತದೆ, ಎತ್ತರ 2.27. ಅಳೆದದ್ದಕ್ಕೆ ಸರಿಯಾಗಿ ಕೂತಿತು. ಇದನ್ನು ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ಸಿಲಿಂಡರ್ ಪಾಠದಲ್ಲಿ ಕೊಡುತ್ತೇನೆ.

ಬ್ಯೂರೆಟ್ 4, ಪಿಪೆಟ್ 6. ಎರಡು ಸಾಲು ಮುಗಿಯಿತು.

ಪಿಯು_ಅಪ್ಪ

ನನ್ನ ಮಗಳಿಗೆ ಹೋದ ವರ್ಷ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಇದೇ ಕೇಳಿದ್ದರು, ಬ್ಯೂರೆಟ್ಟಿನಲ್ಲಿ ಸೊನ್ನೆ ಯಾಕೆ ಮೇಲಿದೆ ಅಂತ. ಅವಳು ಉತ್ತರ ಹೇಳದೆ ಬಂದು ಮನೆಯಲ್ಲಿ ಅತ್ತಳು. ಇಲ್ಲಿ ಒಂದೇ ಸಾಲಿನಲ್ಲಿ ಹೇಳಿದ್ದೀರಿ. ಕೆಳಗೆ ಬಿಟ್ಟದ್ದನ್ನು ಓದುತ್ತೇವೆ ಅಂತ. ಅವಳಿಗೆ ತೋರಿಸಿದೆ. ಇಡೀ ವರ್ಷ ಬ್ಯೂರೆಟ್ ತೊಳೆದಿದ್ದಾಳೆ, ಇದನ್ನು ಯಾರೂ ಹೇಳಿರಲಿಲ್ಲ.

ನಿರ್ಮಲಾ_ತುಮಕೂರು

ನಮ್ಮ ಮನೆಯಲ್ಲಿ ಒಂದು ಕೋನಿಕಲ್ ಫ್ಲಾಸ್ಕ್ ಇದೆ, ಮನಿ ಪ್ಲಾಂಟ್ ಹಾಕಿದ್ದೇವೆ. ಅದರ ಮೇಲೆ 50, 100, 150 ಅಂತ ಗೆರೆ ಇದೆ. ಅದನ್ನು ಹಾಲು ಅಳೆಯೋಕೆ ಬಳಸಬಹುದಾ?

ವಾಣಿ_ಕ್ಯೂಸಿ

ನಿರ್ಮಲಾ ಅಕ್ಕ, ಬೇಡ. ಮೊದಲಿಗೆ ಅದರಲ್ಲಿ ಹಿಂದೆ ಏನು ಹಾಕಿದ್ದರೋ ಗೊತ್ತಿಲ್ಲ, ತಿನ್ನುವ ಪದಾರ್ಥಕ್ಕೆ ಲ್ಯಾಬ್ ಗಾಜು ಬೇಡವೇ ಬೇಡ. ಎರಡನೆಯದು, ಆ ಗೆರೆ ಅಂದಾಜಿನದು. ನೂರಕ್ಕೆ ಐದರಷ್ಟು ಆಚೀಚೆ ಆಗುತ್ತದೆ. ಆ ಫ್ಲಾಸ್ಕ್ ಇರುವುದು ಅಳೆಯೋಕೆ ಅಲ್ಲ, ಅಲ್ಲಾಡಿಸೋಕೆ. ಕೆಳಗೆ ಅಗಲ, ಮೇಲೆ ಕಿರಿದು. ಕತ್ತು ಹಿಡಿದು ಗಿರಗಿರ ತಿರುಗಿಸಿದರೂ ಹೊರಗೆ ಚೆಲ್ಲುವುದಿಲ್ಲ. ಬ್ಯೂರೆಟ್ಟಿನ ಕೆಳಗೆ ಇದನ್ನೇ ಇಡುವುದು ಅದಕ್ಕೆ.

ಗಿರೀಶ್_ಬಿಎಸ್ಸಿ

ಇದರ ಇನ್ನೊಂದು ಹೆಸರು ಎರ್ಲೆನ್‌ಮೇಯರ್ ಫ್ಲಾಸ್ಕ್. ಜರ್ಮನಿಯ ಎಮಿಲ್ ಎರ್ಲೆನ್‌ಮೇಯರ್ 1860ರ ಸುಮಾರಿಗೆ ಮಾಡಿದ್ದು. ಸ್ಟಾಕ್ ಬುಕ್ಕಿನಲ್ಲಿ ಆ ಹೆಸರು ಇದ್ದರೆ ಗಾಬರಿ ಆಗಬೇಡಿ ಮೇಡಂ, ಎರಡೂ ಒಂದೇ.

ಕಂಡೆನ್ಸರ್ ವಿಷಯಕ್ಕೆ ಬರೋಣ. ಎರಡು ಮೂತಿ ಇರುವ ಕೊಳವೆ ಅಂದರೆ ಲೀಬಿಗ್ ಕಂಡೆನ್ಸರ್. ನಿಮ್ಮ ಖಾಲಿ ಕೊಳವೆ ಒಡೆದ ಕಂಡೆನ್ಸರ್. ಒಳಗಿನ ಕೊಳವೆ ಮುರಿದು ಬಿದ್ದಿದೆ. ಒಡೆದದ್ದು ಅಂತ ಬರೆದುಬಿಡಿ.

ಹಳೇ_ಲ್ಯಾಬ್_ಮನುಷ್ಯ

ದಯವಿಟ್ಟು ಹಾಗೆ ಬರೆಯಬೇಡಿ ಮೇಡಂ! ಇದಕ್ಕೆ ಸ್ವಲ್ಪ ಉದ್ದವಾಗಿ ಹೇಳಬೇಕು.

ಈಗಿನ ಕಂಡೆನ್ಸರ್‌ನಲ್ಲಿ ಒಳಕೊಳವೆ, ಹೊರಕೊಳವೆ ಎರಡನ್ನೂ ಬೆಸೆದು ಒಂದೇ ಮಾಡಿರುತ್ತಾರೆ. ಬಿಚ್ಚೋಕೆ ಆಗುವುದಿಲ್ಲ. ಒಳಗಿನದು ಒಡೆದರೆ ಸಾಮಾನ್ಯವಾಗಿ ಬೆಸುಗೆಯ ಜಾಗದಲ್ಲಿ ಚೂಪು ಅಂಚು ಉಳಿದಿರುತ್ತದೆ. ಹಳೆಯ ಕಾಲದಲ್ಲಿ ಶಾಲೆಗಳಿಗೆ ಬರುತ್ತಿದ್ದದ್ದು ಬೇರೆ. ಹೊರಗಿನ ದಪ್ಪ ಕೊಳವೆ ಬೇರೆ, ಒಳಗಿನ ಸಣ್ಣ ಕೊಳವೆ ಬೇರೆ. ದಪ್ಪ ಕೊಳವೆಯ ಎರಡು ಬಾಯಿಗೂ ತೂತಿರುವ ಬಿರಡೆ ಹಾಕಿ ಒಳಕೊಳವೆಯನ್ನು ಅದರ ಮೂಲಕ ತೂರಿಸುತ್ತಿದ್ದೆವು. ಒಳಗಿನದು ಒಡೆದರೆ ಬೇರೆ ಕೊಳವೆ ಹಾಕಿದರಾಯಿತು. ಖರ್ಚು ಕಡಿಮೆ.

ನಿಮ್ಮ ಖಾಲಿ ಕೊಳವೆಯ ಎರಡು ಬಾಯಿಯೂ ಅಗಲವಾಗಿ, ಅಂಚು ನುಣ್ಣಗೆ ಇದೆಯಾ ಬೆರಳಾಡಿಸದೆ ಕಣ್ಣಲ್ಲಿ ನೋಡಿ. ನುಣ್ಣಗಿದ್ದರೆ ಅದು ಒಡೆದಿಲ್ಲ, ಬಿಚ್ಚಿಟ್ಟಿದ್ದಾರೆ. ಗಾಜಿನ ಕಡ್ಡಿಗಳನ್ನು ಇಟ್ಟ ಜಾಗದಲ್ಲಿ ಹುಡುಕಿ. ಈ ದಪ್ಪ ಕೊಳವೆಗಿಂತ ಎರಡೂ ಕಡೆ ಉದ್ದವಾದ, ಗೆರೆಯೇ ಇಲ್ಲದ ಕೊಳವೆ ಸಿಗಬೇಕು. ಒಂದು ತುದಿ ಅಗಲವಾಗಿರಬಹುದು, ಇನ್ನೊಂದು ತುದಿ ಓರೆಯಾಗಿ ಕತ್ತರಿಸಿರಬಹುದು. ಓರೆ ತುದಿ ಕೆಳಗೆ ಬರುವುದು, ಹನಿ ಒಂದೇ ಕಡೆ ಕೂಡಿ ಬೀಳಲಿ ಅಂತ.

ಸುಮಾ_ಟೀಚರ್

ಅಂಚು ನುಣ್ಣಗಿದೆ ಸರ್. ಈಗ ಶಾಲೆಗೆ ಬೀಗ ಹಾಕಿ ಆಯಿತು. ನಾಳೆ ಬೆಳಿಗ್ಗೆ ಹುಡುಕುತ್ತೇನೆ.

ವಾಣಿ_ಕ್ಯೂಸಿ

ಗಿರೀಶ್, ಎರಡು ಮೂತಿ ಇದ್ದದ್ದೆಲ್ಲ ಲೀಬಿಗ್ ಅಲ್ಲ. ಒಳಕೊಳವೆ ನೆಟ್ಟಗಿದ್ದರೆ ಮಾತ್ರ ಲೀಬಿಗ್. ಒಳಗೆ ಮಣಿ ಪೋಣಿಸಿದ ಹಾಗೆ ಉಬ್ಬು ಉಬ್ಬು ಇದ್ದರೆ ಆಲಿನ್. ಒಳಗೆ ಸುರುಳಿ ಇದ್ದರೆ ಗ್ರಹಾಂ. ಹೆಸರಿಗೋಸ್ಕರ ಹೇಳುತ್ತಿಲ್ಲ. ಉಬ್ಬಿನದನ್ನು ಓರೆಯಾಗಿ ಮಲಗಿಸಿ ಬಟ್ಟಿ ಇಳಿಸಿದರೆ ಪ್ರತಿ ಉಬ್ಬಿನಲ್ಲೂ ದ್ರವ ನಿಂತುಬಿಡುತ್ತದೆ, ಕೆಳಗೆ ಪೂರ್ತಿ ಬರುವುದಿಲ್ಲ. ಅದನ್ನು ಫ್ಲಾಸ್ಕ್ ಮೇಲೆ ನೆಟ್ಟಗೆ ನಿಲ್ಲಿಸಿ ಆವಿಯನ್ನು ತಣ್ಣಗಾಗಿಸಿ ಮತ್ತೆ ಅದೇ ಫ್ಲಾಸ್ಕಿಗೆ ಬೀಳಿಸಲು ಬಳಸುತ್ತಾರೆ. ಸುಮಾ ಅವರ ಫೋಟೋದಲ್ಲಿ ಇರುವುದು ನೆಟ್ಟಗಿನದು, ಲೀಬಿಗ್ ಅನ್ನುವುದು ಸರಿ.

ಗಿರೀಶ್_ಬಿಎಸ್ಸಿ

ಒಪ್ಪಿದೆ. ನಮ್ಮ ಕಾಲೇಜಿನಲ್ಲಿ ನೆಟ್ಟಗಿನದು ಮಾತ್ರ ಇತ್ತು, ಬೇರೆ ನೋಡಿಯೇ ಇಲ್ಲ. ಹೇಗೂ ಲೀಬಿಗ್ ಅದನ್ನು ಕಂಡುಹಿಡಿದವನು ತಾನೇ?

ವಾಣಿ_ಕ್ಯೂಸಿ

ಅದೂ ಅಲ್ಲ. ನೀರು ಹರಿಸಿ ತಣ್ಣಗೆ ಮಾಡುವ ಈ ತರಹದ್ದನ್ನು ವೈಗಲ್ ಅನ್ನುವವರು 1771ರಲ್ಲೇ ತೋರಿಸಿದ್ದರು. ಲೀಬಿಗ್ ಹುಟ್ಟಿದ್ದೇ 1803ರಲ್ಲಿ. ಅವರು ಎಲ್ಲರೂ ಬಳಸುವ ಹಾಗೆ ಮಾಡಿದರು, ಹೆಸರು ಅವರದೇ ನಿಂತಿತು.

ಮಲ್ಲಿಕಾರ್ಜುನ_ಹಾವೇರಿ

ನೀರು ಮೇಲಿನ ಮೂತಿಗೋ ಕೆಳಗಿನ ಮೂತಿಗೋ? ನಮ್ಮ ಶಾಲೆಯಲ್ಲಿ ಮೇಲೆ ಕೊಡ್ತಿದ್ದರು. ಬಟ್ಟಿ ಇಳಿದ ನೀರು ಬಿಸಿಬಿಸಿಯಾಗಿ ಬರ್ತಿತ್ತು.

ಹಳೇ_ಲ್ಯಾಬ್_ಮನುಷ್ಯ

ಕೆಳಗಿನ ಮೂತಿಗೆ ಕೊಡಬೇಕು, ಮೇಲಿನಿಂದ ಹೊರಗೆ ಬರಬೇಕು. ಮೇಲಿನಿಂದ ಕೊಟ್ಟರೆ ನೀರು ಕೊಳವೆಯ ತಳದಲ್ಲಿ ಹರಿದು ಇಳಿದು ಹೋಗುತ್ತದೆ, ಹೊರಕೊಳವೆ ತುಂಬುವುದೇ ಇಲ್ಲ. ಮೇಲೆ ಗಾಳಿ ನಿಂತಿರುತ್ತದೆ. ಅದಕ್ಕೇ ನಿಮ್ಮಲ್ಲಿ ಬಿಸಿಯಾಗಿ ಬಂದದ್ದು. ಕೆಳಗಿನಿಂದ ಕೊಟ್ಟರೆ ತುಂಬಿಕೊಂಡೇ ಮೇಲೆ ಬರಬೇಕು.

ಸುಮಾ_ಟೀಚರ್

ಸಿಕ್ಕಿತು! ಗಾಜಿನ ಕಡ್ಡಿಗಳ ಜೊತೆ ಪತ್ರಿಕೆಯಲ್ಲಿ ಸುತ್ತಿ ಇಟ್ಟಿದ್ದರು. ದಪ್ಪ ಕೊಳವೆಗಿಂತ ಒಂದು ಗೇಣು ಉದ್ದ ಇದೆ. ನೀವು ಹೇಳಿದ ಹಾಗೆ ಒಂದು ತುದಿ ಓರೆ. ಬಿರಡೆಗಳ ಡಬ್ಬಿಯಲ್ಲಿ ತೂತಿರುವ ಎರಡು ಸಿಕ್ಕವು, ಬಾಯಿಗೆ ಸರಿಹೊಂದುತ್ತವೆ. ಆದರೆ ಕಲ್ಲಿನಂತೆ ಗಟ್ಟಿಯಾಗಿವೆ. ತೂರಿಸಿ ನೋಡಲೇ?

ಹಳೇ_ಲ್ಯಾಬ್_ಮನುಷ್ಯ

ಬೇಡ ಬೇಡ. ಗಟ್ಟಿ ಬಿರಡೆಯಲ್ಲಿ ಗಾಜು ತೂರಿಸುವಾಗಲೇ ಅಂಗೈಗೆ ಚುಚ್ಚಿಕೊಳ್ಳುವುದು. ನನ್ನ ಬಲಗೈಯಲ್ಲಿ ಹೆಬ್ಬೆರಳ ಬುಡದಲ್ಲಿ ಮೂರು ಹೊಲಿಗೆಯ ಗುರುತು ಈಗಲೂ ಇದೆ. ದೂರದಲ್ಲಿ ಹಿಡಿದು ತಳ್ಳಿದೆ, ಕೊಳವೆ ಬಾಗಿ ಮುರಿಯಿತು. ತಾಳೆ ನೋಡುವುದಕ್ಕೆ ಜೋಡಿಸುವ ಅಗತ್ಯ ಇಲ್ಲ. ಮೂರು ಭಾಗವನ್ನೂ ಒಂದೇ ಚೀಲದಲ್ಲಿ ಇಟ್ಟು "ಕಂಡೆನ್ಸರ್, ಬಿಚ್ಚಿದ್ದು" ಅಂತ ಚೀಟಿ ಅಂಟಿಸಿ.

ಮುಂದೆ ಬಳಸುವಾಗ ಹೊಸ ಬಿರಡೆ ತರಿಸಿ. ತೂತಿಗೂ ಗಾಜಿಗೂ ಗ್ಲಿಸರಿನ್ ಸವರಿ, ಕೈಗೆ ದಪ್ಪ ಬಟ್ಟೆ ಸುತ್ತಿಕೊಂಡು, ಬಿರಡೆಯ ಹತ್ತಿರವೇ ಗಾಜು ಹಿಡಿದು ತಿರುಗಿಸುತ್ತಾ ತೂರಿಸಬೇಕು. ನೇರವಾಗಿ ಒತ್ತಬಾರದು.

ಸುಮಾ_ಟೀಚರ್

ಸರಿ ಸರ್, ಹಾಗೇ ಮಾಡುತ್ತೇನೆ. ಕಂಡೆನ್ಸರ್ 2 ಅಂತ ಬರೆದೆ.

ಈಗ ಉಳಿದದ್ದು ಪಕ್ಕದಲ್ಲಿ ಮೂತಿ ಇರುವ ತ್ರಿಕೋನದ ಫ್ಲಾಸ್ಕ್. ಅದನ್ನು ಕೋನಿಕಲ್ ಅಂತ ಎಣಿಸಿದರೆ 8 ಸರಿ, ಡಿಸ್ಟಿಲೇಷನ್ 1 ಆಗಿ ಒಂದು ಕಡಿಮೆ. ಡಿಸ್ಟಿಲೇಷನ್ ಅಂತ ಎಣಿಸಿದರೆ ಅಲ್ಲಿ 2 ಸರಿ, ಕೋನಿಕಲ್ 7 ಆಗಿ ಒಂದು ಕಡಿಮೆ.

ಗಿರೀಶ್_ಬಿಎಸ್ಸಿ

ಪಕ್ಕದಲ್ಲಿ ಕೊಳವೆ ಇದ್ದರೆ ಡಿಸ್ಟಿಲೇಷನ್ ಫ್ಲಾಸ್ಕ್. ಆವಿ ಅದರಿಂದ ಹೊರಗೆ ಹೋಗಬೇಕು ಅಲ್ವಾ.

ವಾಣಿ_ಕ್ಯೂಸಿ

ಬಟ್ಟಿ ಇಳಿಸುವ ಫ್ಲಾಸ್ಕಿನದು ಗುಂಡು ಹೊಟ್ಟೆ, ತೆಳು ಗಾಜು. ಕತ್ತಿನ ಪಕ್ಕದಿಂದ ಉದ್ದ ಕೊಳವೆ ಕೆಳಮುಖವಾಗಿ ಇಳಿದಿರುತ್ತದೆ, ಕಂಡೆನ್ಸರ್‌ಗೆ ಸೇರಿಸಲು. ಸುಮಾ ಅವರ ಬಳಿ ಅಂಥದ್ದು ಒಂದಿದೆ. ಈ ತ್ರಿಕೋನದ್ದು ಬೇರೆ. ಮೂತಿ ಗಿಡ್ಡ, ಅಡ್ಡಕ್ಕೆ ಇದೆ, ಮೇಲೆ ಸಣ್ಣ ಏಣು ಕಾಣುತ್ತಿದೆ, ರಬ್ಬರ್ ಪೈಪ್ ಜಾರದಿರಲಿ ಅಂತ. ಅದು ಸೋಸುವ ಫ್ಲಾಸ್ಕ್. ಮೂತಿಯಿಂದ ಗಾಳಿ ಎಳೆದರೆ ಮೇಲಿನ ಆಲಿಕೆಯಲ್ಲಿ ದ್ರವ ಬೇಗ ಇಳಿಯುತ್ತದೆ. ಒಳಗೆ ಗಾಳಿ ಕಡಿಮೆಯಾದಾಗ ಹೊರಗಿನ ಒತ್ತಡಕ್ಕೆ ಒಡೆಯಬಾರದು ಅಂತ ಗಾಜು ದಪ್ಪ ಮಾಡಿರುತ್ತಾರೆ. ಬಾಯಿಯ ಅಂಚು ನೋಡಿದರೆ ದಪ್ಪ ತಿಳಿಯುತ್ತದೆ. ಕೈಯಲ್ಲಿ ಎತ್ತಿದರೂ ಗೊತ್ತಾಗುತ್ತದೆ, ಅಷ್ಟೇ ಗಾತ್ರದ ಕೋನಿಕಲ್‌ಗಿಂತ ತೂಕ.

ಹೆಸರು ಏನೇ ಬರೆಯಿರಿ, ಅದನ್ನು ದೀಪದ ಮೇಲೆ ಇಡಬೇಡಿ. ದಪ್ಪ ಗಾಜಿನ ಹೊರಮೈ ಕಾಯುವಾಗ ಒಳಮೈ ಇನ್ನೂ ತಣ್ಣಗಿರುತ್ತದೆ, ಟಪ್ ಅಂತ ಸೀಳುತ್ತದೆ.

ಸುಮಾ_ಟೀಚರ್

ಎತ್ತಿ ನೋಡಿದೆ, ನಿಜಕ್ಕೂ ಭಾರ. ಅಂಚು ಉಳಿದವಕ್ಕಿಂತ ದಪ್ಪ. ಸೋಸುವ ಫ್ಲಾಸ್ಕ್ ಅನ್ನುವುದರಲ್ಲಿ ಅನುಮಾನ ಇಲ್ಲ. ಆದರೆ ಸ್ಟಾಕ್ ಬುಕ್ಕಿನಲ್ಲಿ ಆ ಹೆಸರಿನ ಸಾಲೇ ಇಲ್ಲ.

ಹಳೇ_ಲ್ಯಾಬ್_ಮನುಷ್ಯ

ಹಿಂದಿನವರು ಆಕಾರ ನೋಡಿ ಕೋನಿಕಲ್ ಸಾಲಿಗೆ ಸೇರಿಸಿರುತ್ತಾರೆ. ನಾನಾಗಿದ್ದರೆ ಕೋನಿಕಲ್ 8 ಅಂತಲೇ ಬರೆದು, ಡಿಸ್ಟಿಲೇಷನ್ ಒಂದು ಕಡಿಮೆ ಅಂತ ಷರಾ ಹಾಕುತ್ತಿದ್ದೆ. ಒಡೆಯುವುದು ಜಾಸ್ತಿ ಅದೇ, ಪಕ್ಕದ ಕೊಳವೆ ತಟ್ಟಿದರೆ ಸಾಕು.

ಮಲ್ಲಿಕಾರ್ಜುನ_ಹಾವೇರಿ

ನಾನು ಒಪ್ಪಲ್ಲ ಸರ್. ಗಿರೀಶ್ ತರಹವೇ ಹಿಂದಿನವರೂ ಮೂತಿ ನೋಡಿ ಡಿಸ್ಟಿಲೇಷನ್ ಅಂತ ಬರೆದಿರಬಹುದು. ಕೋನಿಕಲ್ ಒಂದು ಒಡೆದಿರಬಹುದು. ಮಕ್ಕಳ ಕೈಗೆ ದಿನಾ ಹೋಗುವುದು ಅದೇ.

ನಾನು ಶಾಲೆಯ ಕಚೇರಿಯಲ್ಲಿ ಕೆಲಸ ಮಾಡಿದವನು. ಪುಸ್ತಕದಲ್ಲಿ ಇಲ್ಲದ ಹೆಸರಿಗೆ ಹಳೇ ಸಾಲು ತಿದ್ದಬೇಡಿ ಮೇಡಂ. ಕೋನಿಕಲ್ 7, ಡಿಸ್ಟಿಲೇಷನ್ 1, ಇವೆರಡನ್ನೂ ಇದ್ದ ಹಾಗೆ ಬರೆಯಿರಿ. ಕೆಳಗೆ ಹೊಸ ಸಾಲಿನಲ್ಲಿ "ಸೋಸುವ ಫ್ಲಾಸ್ಕ್ 1, ಪುಸ್ತಕದಲ್ಲಿ ನಮೂದಿಲ್ಲ" ಅಂತ ಬರೆದು ಎಚ್.ಎಂ. ಸಹಿ ಹಾಕಿಸಿ.

ಹಳೇ_ಲ್ಯಾಬ್_ಮನುಷ್ಯ

ಹಾಗೆ ಬರೆದರೆ ಎರಡು ಕಡೆ ಕೊರತೆ ಕಾಣುತ್ತದೆ, ನಿಜವಾಗಿ ಕಳೆದಿರುವುದು ಒಂದೇ. ಎರಡಕ್ಕೂ ಅವರೇ ಉತ್ತರ ಕೊಡಬೇಕಾಗುತ್ತದೆ.

ಮಲ್ಲಿಕಾರ್ಜುನ_ಹಾವೇರಿ

ಅದರ ಕೆಳಗೇ ಹೊಸ ಸಾಲು ಇರುತ್ತದಲ್ಲ ಸರ್. ಒಟ್ಟು ಎಣಿಕೆಯಲ್ಲಿ ಒಂದೇ ಕಡಿಮೆ ಅಂತ ಯಾರು ಕೂಡಿದರೂ ತಿಳಿಯುತ್ತದೆ.

ವಾಣಿ_ಕ್ಯೂಸಿ

ಬಿಲ್ ಫೈಲ್ ಇದ್ದರೆ ನೋಡಿ ಮೇಡಂ. ಅಂಗಡಿಯವರು ಬಿಲ್ಲಿನಲ್ಲಿ ಸರಿಯಾದ ಹೆಸರು ಬರೆದಿರುತ್ತಾರೆ. ಸೋಸುವ ಫ್ಲಾಸ್ಕ್ ಯಾವ ವರ್ಷ ಬಂತು, ಆ ವರ್ಷ ಪುಸ್ತಕದ ಯಾವ ಸಾಲಿನಲ್ಲಿ ಒಂದು ಏರಿತು ಅಂತ ಹೊಂದಿಸಿದರೆ ಗೊತ್ತಾಗಬಹುದು.

ಸುಮಾ_ಟೀಚರ್

ಬಿಲ್ ಫೈಲ್ ಆಫೀಸಿನ ಬೀರುವಿನಲ್ಲಿದೆ, ಕೀ ಗುಮಾಸ್ತರ ಹತ್ತಿರ. ಅವರು ಸೋಮವಾರ ಬರುತ್ತಾರೆ. ಅಲ್ಲಿಯವರೆಗೆ ಈ ಎರಡು ಸಾಲನ್ನು ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ.

ಇನ್ನೊಂದು ಕೇಳಬೇಕಿತ್ತು. ಗೆರೆ ಪಿಪೆಟ್ಟಿನ ಅಂಕಿಗಳು ಅರ್ಧ ಅಳಿಸಿವೆ ಅಂದೆನಲ್ಲ, ಗೆರೆಗಳನ್ನು ಬೆರಳಿನಲ್ಲಿ ಮುಟ್ಟಿದರೆ ತಿಳಿಯುತ್ತವೆ, ಕಣ್ಣಿಗೆ ಸರಿಯಾಗಿ ಕಾಣುವುದಿಲ್ಲ. ಇದನ್ನು ಮಕ್ಕಳು ಬಳಸುವ ಹಾಗೆ ಮಾಡಬಹುದಾ?

ಹಳೇ_ಲ್ಯಾಬ್_ಮನುಷ್ಯ

ಮುಟ್ಟಿದರೆ ತಿಳಿಯುತ್ತದೆ ಅಂದರೆ ಗೆರೆ ಕೊರೆದದ್ದು, ಒಳಗಿನ ಬಣ್ಣ ಮಾತ್ರ ಹೋಗಿದೆ. ಕಪ್ಪು ಮೇಣದ ಕ್ರೇಯಾನನ್ನು ಗೆರೆಗಳ ಮೇಲೆ ಅಡ್ಡಡ್ಡ ಉಜ್ಜಿ, ಒಣ ಬಟ್ಟೆಯಲ್ಲಿ ಮೇಲ್ಮೈ ಒರೆಸಿಬಿಡಿ. ಮೇಣ ಗೆರೆಯೊಳಗೆ ಮಾತ್ರ ಉಳಿಯುತ್ತದೆ. ಬಿಸಿನೀರಿನಲ್ಲಿ ತೊಳೆದರೆ ಹೋಗುತ್ತದೆ, ಮತ್ತೆ ಉಜ್ಜಬೇಕು.

ಮಕ್ಕಳಿಗೆ ಕೊಡುವಾಗ ಬಾಯಲ್ಲಿ ಎಳೆಯಲು ಬಿಡಬೇಡಿ, ರಬ್ಬರ್ ಬುರುಡೆ ತರಿಸಿ. ನಮ್ಮ ಕಾಲದಲ್ಲಿ ಎಲ್ಲರೂ ಬಾಯಲ್ಲೇ ಎಳೆಯುತ್ತಿದ್ದೆವು. ಆಗ ಆಕ್ಸಾಲಿಕ್ ಆಮ್ಲದ ರುಚಿ ನೋಡದ ಹುಡುಗ ನಮ್ಮ ಬ್ಯಾಚಿನಲ್ಲಿ ಇರಲಿಲ್ಲ, ಅದು ವಿಷ ಅಂತ ಆಮೇಲೆ ತಿಳಿಯಿತು.

ಪಿಯು_ಅಪ್ಪ

ಮಗಳು ಕೇಳುತ್ತಿದ್ದಾಳೆ, ಆ ಸಿಲಿಂಡರ್ ಲೆಕ್ಕ 25 ಮಿ.ಲೀ. ಬ್ಯೂರೆಟ್ಟಿಗೂ ಆಗುತ್ತದಾ ಅಂತ.

ವಾಣಿ_ಕ್ಯೂಸಿ

ಲೆಕ್ಕ ಎಲ್ಲದಕ್ಕೂ ಆಗುತ್ತದೆ, ಗುರುತಿಸುವುದು ಮಾತ್ರ ಕಷ್ಟ. 25ರದನ್ನು ಕೆಲವರು ಅದೇ ದಪ್ಪದ ಕೊಳವೆಯಲ್ಲಿ ಗಿಡ್ಡವಾಗಿ ಮಾಡುತ್ತಾರೆ, ಕೆಲವರು ಸಣ್ಣ ಕೊಳವೆಯಲ್ಲಿ ಉದ್ದವಾಗಿ ಮಾಡುತ್ತಾರೆ. ಕಾಲೇಜಿನಲ್ಲಿ ಒಂದಿದ್ದರೆ ಅವಳೇ 0ಯಿಂದ 10ರ ವರೆಗೆ ಅಳೆದು, ಒಳಗಿನ ಅಗಲ ಎಷ್ಟು ಅಂತ ಹಿಂದಕ್ಕೆ ಲೆಕ್ಕ ಹಾಕಿ ಇಲ್ಲಿ ಹಾಕಲಿ. ನಮ್ಮಲ್ಲಿರುವುದರ ಜೊತೆ ಹೋಲಿಸಿ ನೋಡುತ್ತೇನೆ.